ಎಂಟೆಂಟು ಸದಸ್ಯರ ಎರಡು ಗ್ರೂಪ್‌ಗಳು

ಒಂದಾದ ಮೇಲೊಂದು ಮಾಡಬಹುದಾದ, ಮಾಡಿದ್ದನ್ನು ರದ್ದುಮಾಡಲೂ ಬರುವ ಕ್ರಿಯೆಗಳ ಕೂಟವನ್ನು ಗಣಿತದಲ್ಲಿ ಗ್ರೂಪ್ ಎನ್ನುತ್ತಾರೆ. ಯಾವ ಎರಡು ಕ್ರಿಯೆಗಳನ್ನು ಜೋಡಿಸಿದರೂ ಬರುವ ಫಲ ಅದೇ ಕೂಟದೊಳಗೇ ಇರಬೇಕು. ಎಂಟು ಸದಸ್ಯರಿರುವ ಗ್ರೂಪ್‌ಗಳಲ್ಲಿ ಇರುವುದು ಐದೇ ಬಗೆ. ಮೂರು ಬಗೆಗಳಲ್ಲಿ ಯಾವುದನ್ನು ಮೊದಲು ಮಾಡಿದರೂ ಫಲ ಒಂದೇ. ಉಳಿದೆರಡರಲ್ಲಿ ಹಿಂದುಮುಂದಾದರೆ ಫಲವೇ ಬೇರೆಯಾಗಬಹುದು. ಆ ಎರಡನ್ನು ಒಂದರಿಂದೊಂದು ಗುರುತಿಸುವುದು ಹೇಗೆ?

ಮೊದಲನೆಯದನ್ನು ನೋಡಲು ಒಂದು ಚೌಕಾಕಾರದ ರಟ್ಟು ಸಾಕು. ರಟ್ಟನ್ನು ಎತ್ತಿ, ತಿರುಗಿಸಿ ಅಥವಾ ಮಗುಚಿ, ಮತ್ತೆ ಅದೇ ಜಾಗಕ್ಕೆ ಸರಿಯಾಗಿ ಕೂರಿಸಬೇಕು. ಸುಮ್ಮನೆ ಬಿಡುವುದು, 90, 180, 270 ಡಿಗ್ರಿ ತಿರುಗಿಸುವುದು ಸೇರಿ ನಾಲ್ಕು. ಎರಡು ಕರ್ಣಗಳ ಮೇಲೆ, ಎದುರುಬದುರು ಅಂಚುಗಳ ನಡುಬಿಂದು ಸೇರಿಸುವ ಎರಡು ಗೆರೆಗಳ ಮೇಲೆ ಮಗುಚುವುದು ಇನ್ನು ನಾಲ್ಕು. ಇದೇ ಎಂಟು ಸದಸ್ಯರ ಡೈಹೆಡ್ರಲ್ ಗ್ರೂಪ್.

ಎರಡನೆಯದು ಡಬ್ಲಿನ್‌ನಲ್ಲಿ ಹುಟ್ಟಿತು. 1843ರ ಅಕ್ಟೋಬರ್ 16ರಂದು ರಾಯಲ್ ಕಾಲುವೆಯ ದಂಡೆಯಲ್ಲಿ ನಡೆದು ಹೋಗುತ್ತಿದ್ದ ವಿಲಿಯಂ ರೋವನ್ ಹ್ಯಾಮಿಲ್ಟನ್‌ಗೆ i² = j² = k² = ijk = −1 ಎಂಬ ನಿಯಮ ಹೊಳೆಯಿತು. ಇದರಿಂದ ij = k ಆಗುತ್ತದೆ, ಆದರೆ ji = −k. 1, −1, i, −i, j, −j, k, −k ಎಂಬ ಎಂಟು ಸದಸ್ಯರು ಸೇರಿದರೆ ಕ್ವಾಟರ್ನಿಯನ್ ಗ್ರೂಪ್.

ಇವೆರಡಕ್ಕೂ ಹೋಲಿಕೆ ಬಹಳ. ಎಲ್ಲ ಸದಸ್ಯರೊಂದಿಗೂ ಹಿಂದುಮುಂದಿನ ತಕರಾರಿಲ್ಲದೆ ಹೊಂದಿಕೊಳ್ಳುವವರು ಎರಡರಲ್ಲೂ ಇಬ್ಬರೇ. ಸುಮ್ಮನಿರುವ ಸದಸ್ಯನಂತೂ ಸರಿ, ಇನ್ನೊಬ್ಬ ರಟ್ಟಿನಲ್ಲಿ 180 ಡಿಗ್ರಿ ತಿರುಗಿಸುವುದು, ಅಲ್ಲಿ −1. ಉನ್ನತ ತರಗತಿಗಳಲ್ಲಿ ಬರುವ ಕ್ಯಾರಕ್ಟರ್ ಟೇಬಲ್ ಕೂಡ ಎರಡಕ್ಕೂ ಒಂದೇ.

ಗುಟ್ಟು ಬಿಟ್ಟುಕೊಡುವುದು ಆರ್ಡರ್. ಒಂದು ಕ್ರಿಯೆಯನ್ನು ಕನಿಷ್ಠ ಎಷ್ಟು ಸಲ ಮಾಡಿದರೆ ಏನೂ ಮಾಡದಂತಾಗುತ್ತದೋ ಆ ಸಂಖ್ಯೆಯೇ ಅದರ ಆರ್ಡರ್. ರಟ್ಟನ್ನು ಒಂದೇ ಗೆರೆಯ ಮೇಲೆ ಎರಡು ಸಲ ಮಗುಚಿದರೆ ಮೊದಲಿನಂತೆಯೇ. ಹಾಗಾಗಿ ನಾಲ್ಕು ಮಗುಚುವಿಕೆಗಳಿಗೂ 180 ಡಿಗ್ರಿಗೂ ಆರ್ಡರ್ 2. ಒಟ್ಟು ಐದು. 90 ಮತ್ತು 270 ಡಿಗ್ರಿಗಳ ಆರ್ಡರ್ ಮಾತ್ರ 4. ಕ್ವಾಟರ್ನಿಯನ್‌ನಲ್ಲಿ ಲೆಕ್ಕ ತಿರುವುಮುರುವು. i, −i, j, −j, k, −k ಯಾವುದರ ವರ್ಗ ಮಾಡಿದರೂ −1 ಬರುವುದರಿಂದ ಆರಕ್ಕೂ ಆರ್ಡರ್ 4. ಆರ್ಡರ್ 2 ಇರುವುದು −1ಕ್ಕೆ ಮಾತ್ರ. ಹೆಸರು ಬದಲಿಸಿದರೆ ಆರ್ಡರ್ ಬದಲಾಗುವುದಿಲ್ಲ. ಆದ್ದರಿಂದ ಒಂದನ್ನು ಇನ್ನೊಂದರ ವೇಷವೆಂದು ಹೇಳುವ ಹಾಗಿಲ್ಲ.

ಈ ವ್ಯತ್ಯಾಸ ಬಂದದ್ದೆಲ್ಲಿಂದ? ಗ್ರೂಪನ್ನು ಕೆಲವೇ ಸದಸ್ಯರು ಮತ್ತು ಅವರ ನಡುವಿನ ಕೆಲವೇ ನಿಯಮಗಳಿಂದ ಬರೆಯುವ ಕ್ರಮಕ್ಕೆ ಪ್ರೆಸೆಂಟೇಶನ್ ಎನ್ನುತ್ತಾರೆ. ನಮ್ಮ ಎರಡೂ ಗ್ರೂಪ್‌ಗಳಿಗೆ a, b ಎಂಬ ಇಬ್ಬರು ಸಾಕು:

```
D: a^4 = 1,  b^2 = 1,    b a b^-1 = a^-1
Q: a^4 = 1,  b^2 = a^2,  b a b^-1 = a^-1
```

ಮೊದಲ, ಕೊನೆಯ ನಿಯಮಗಳು ಎರಡರಲ್ಲೂ ಒಂದೇ, ನಡುವಿನದು ಮಾತ್ರ ಬೇರೆ. ಆದರೆ ಅದೊಂದೇ ನಾಲ್ಕು ಸದಸ್ಯರ ಹಣೆಬರಹ ನಿರ್ಧರಿಸುತ್ತದೆ. b, ab, a²b, a³b ಇವುಗಳಲ್ಲಿ ab ತೆಗೆದುಕೊಳ್ಳಿ. ಅದರ ವರ್ಗ abab. ಕೊನೆಯ ನಿಯಮದ ಪ್ರಕಾರ ba ಎಂದರೆ a⁻¹b. ಹಾಗಾಗಿ abab = a·a⁻¹b·b = b². ಉಳಿದವುಗಳ ವರ್ಗವೂ ಹೀಗೆಯೇ b² ಆಗುತ್ತದೆ. b² = 1 ಆದರೆ ನಾಲ್ಕಕ್ಕೂ ಆರ್ಡರ್ 2. b² = a² ಆದರೆ, a²ನ ಆರ್ಡರ್ 2 ಇರುವುದರಿಂದ, ನಾಲ್ಕಕ್ಕೂ ಆರ್ಡರ್ 4.

ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. j⁴ = 1 ಎಂಬುದು ನಿಜವಲ್ಲವೇ ಎಂದು b² = a² ಬದಲು b⁴ = 1 ಬರೆದುಬಿಟ್ಟರೆ ಸಿಗುವುದು ಹದಿನಾರು ಸದಸ್ಯರ ಗ್ರೂಪ್. ಡೈಹೆಡ್ರಲ್‌ನಲ್ಲೂ b⁴ = 1 ನಿಜವೇ. ಎರಡು ಕಡೆಯೂ ಒಪ್ಪುವ ಮಾತು ಎರಡನ್ನು ಬೇರ್ಪಡಿಸಲಾರದು.

ಪ್ರೆಸೆಂಟೇಶನ್‌ನ ಹೊರನೋಟ ನಂಬುವಂತೆಯೂ ಇಲ್ಲ. x² = y² = (xy)⁴ = 1 ಎಂದು ಬರೆದರೂ ಅದು ಅದೇ ರಟ್ಟಿನ ಗ್ರೂಪ್: x, y ಅಕ್ಕಪಕ್ಕದ ಗೆರೆಗಳ ಮೇಲಿನ ಎರಡು ಮಗುಚುವಿಕೆಗಳು. ಆರ್ಡರ್ 2 ಇರುವ ಇಬ್ಬರು ಬೇರೆ ಬೇರೆ ಸದಸ್ಯರು ಕಂಡ ಕೂಡಲೇ ಅದು ಕ್ವಾಟರ್ನಿಯನ್ ಅಲ್ಲ ಎಂದು ತೀರ್ಪು ಕೊಡಬಹುದು.

ಆದರೆ ಆರ್ಡರ್ ಎಣಿಕೆ ಎಲ್ಲೆಡೆಯೂ ಕೈಹಿಡಿಯುವುದಿಲ್ಲ. 27 ಸದಸ್ಯರ ಎರಡು ಗ್ರೂಪ್‌ಗಳಲ್ಲಿ, ಒಂದರಲ್ಲಿ ಹಿಂದುಮುಂದು ನಡೆಯುತ್ತದೆ, ಇನ್ನೊಂದರಲ್ಲಿ ನಡೆಯುವುದಿಲ್ಲ. ಆದರೂ ಎರಡರಲ್ಲೂ 1 ಬಿಟ್ಟು ಉಳಿದ 26 ಸದಸ್ಯರ ಆರ್ಡರ್ 3. ಎಂಟರ ಐದು ಬಗೆಗಳಿಗೆ ಮಾತ್ರ ಈ ಎಣಿಕೆಯೊಂದೇ ಸಾಕು.