ನಾಳೆ ಪೇಪರ್ ಇದೆ, ಇವತ್ತು ಕೌಂಟರ್‌ಗೆ ಯಾರು?

ಶಿವಮೊಗ್ಗದಲ್ಲಿ ಕಾಲೇಜುಗಳ ಹತ್ತಿರ ಹಾಸನ ಕಡೆಯವರೊಬ್ಬರ ಬೇಕರಿ ಇದೆ. ಸಂಜೆ ನಾಲ್ಕರಿಂದ ಒಂಬತ್ತರವರೆಗೆ ಅಲ್ಲಿ ನಾಲ್ಕು ಜನ ಇರಲೇಬೇಕು. ಗಲ್ಲಾದಲ್ಲಿ ಮಾಲೀಕರು, ಪಕ್ಕದಲ್ಲಿ ಕಾಯಂ ಕೆಲಸಗಾರರೊಬ್ಬರು, ಉಳಿದಿಬ್ಬರು ಪಾರ್ಟ್‌ಟೈಮ್ ವಿದ್ಯಾರ್ಥಿಗಳು. ವಾರಕ್ಕೆ ಏಳು ಸಂಜೆ, ಸಂಜೆಗೆ ಇಬ್ಬರಂತೆ ಹದಿನಾಲ್ಕು ಪಾಳಿ. ಅದನ್ನು ಐವರು ಹಂಚಿಕೊಳ್ಳುತ್ತಾರೆ: ಮೂವರು ಬಿ.ಕಾಂ. ಓದುವವರು, ಇಬ್ಬರು ಎಂಜಿನಿಯರಿಂಗ್‌ನವರು.

ಈ ಮೂರು-ಎರಡರ ಲೆಕ್ಕ ಬೇಕೆಂದೇ ಮಾಡಿದ್ದು. ಮೊದಲು ಐವರೂ ಒಂದೇ ಕಾಲೇಜಿನವರಿದ್ದರು, ಪರೀಕ್ಷೆ ಬಂದಾಗ ಐವರೂ ಒಟ್ಟಿಗೆ ಮಾಯ. ಪದವಿ ಪರೀಕ್ಷೆಯನ್ನು ಆಯಾ ವಿಶ್ವವಿದ್ಯಾಲಯ ನಡೆಸಿದರೆ, ಎಂಜಿನಿಯರಿಂಗ್‌ನದ್ದು ವಿಟಿಯು ವೇಳಾಪಟ್ಟಿ. ಎರಡೂ ಒಂದೇ ದಿನ ಶುರುವಾಗಿ ಒಂದೇ ದಿನ ಮುಗಿಯುವುದು ಅಪರೂಪ.

ಹೊರಗಿನವರಿಗೆ ಪರೀಕ್ಷೆಯ ದಿನವೇ ಆಳು ಸಿಗದ ದಿನ ಅನ್ನಿಸುತ್ತದೆ. ನಿಜವಾಗಿ ಆಳು ಸಿಗದಿರುವುದು ಹಿಂದಿನ ಸಂಜೆ. ಬೆಳಗಿನ ಪೇಪರ್ ಮುಗಿಸಿ ಊಟ ಮಾಡಿ ಮಲಗಿ ಎದ್ದ ಹುಡುಗ ಐದಕ್ಕೆ ಕೌಂಟರ್‌ಗೆ ಬರಬಲ್ಲ, ಮರುದಿನ ಪೇಪರ್ ಇಲ್ಲದಿದ್ದರೆ. ಮಧ್ಯಾಹ್ನದ ಪೇಪರ್ ಆದರೆ ಆ ಸಂಜೆಯನ್ನೂ ಬಿಟ್ಟುಬಿಡಬೇಕು.

ಕಳೆದ ಮಳೆಗಾಲದಲ್ಲಿ ಬಿ.ಕಾಂ.ನವರಿಗೆ ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಪೇಪರ್ ಇತ್ತು. ಮಾಲೀಕರು ಕ್ಯಾಲೆಂಡರ್ ಮೇಲೆ ಮೊದಲು ಭಾನುವಾರ, ಮಂಗಳವಾರ, ಗುರುವಾರ ಸಂಜೆಗಳಿಗೆ ಕೆಂಪು ಗೀಟು ಹಾಕಿದರು. ಆ ಮೂರು ಸಂಜೆ ಎಂಜಿನಿಯರಿಂಗ್ ಹುಡುಗರಿಬ್ಬರದು. ಪೇಪರ್ ಇದ್ದ ಮೂರು ದಿನಗಳ ಆರು ಪಾಳಿ ಬಿ.ಕಾಂ.ನ ಮೂವರಿಗೆ ತಲಾ ಎರಡರಂತೆ. ಶುಕ್ರವಾರ ಪರೀಕ್ಷೆ ಮುಗಿದು ಅವರು ಊರಿಗೆ ಹೋಗುವುದರಿಂದ ಶನಿವಾರವೂ ಎಂಜಿನಿಯರಿಂಗ್‌ನವರೇ. ಭಾನುವಾರ ಮಧ್ಯಾಹ್ನ ಮರಳಿದ ಬಿ.ಕಾಂ. ಹುಡುಗರು ಆ ಸಂಜೆ ನಿಂತು, ನಾಲ್ಕು ದಿನ ದುಡಿದವರಿಗೆ ರಜೆ ಕೊಡಬೇಕು ಎಂದು ಮಾತಾಗಿತ್ತು.

ಮಂಗಳವಾರ ರಾತ್ರಿ ಮಳೆ ಜೋರಾಗಿ ಮರುದಿನಕ್ಕೆ ರಜೆ ಘೋಷಣೆಯಾಯಿತು. ಬುಧವಾರದ ಪೇಪರ್ ಮುಂದಿನ ಸೋಮವಾರಕ್ಕೆ ಹೋಯಿತು. ಬುಧವಾರದ ಪಾಳಿಯವರಿಗೆ ಪರೀಕ್ಷೆಯೇ ಇಲ್ಲ, ಸಲೀಸಾಗಿ ಬಂದರು. ಹಾಗಾಗಿ ಏನೂ ಕೆಟ್ಟಿಲ್ಲ ಅನ್ನಿಸಿತು. ಇಲ್ಲೇ ಬಹಳ ಜನ ಎಡವುವುದು. ಮುಂದೂಡಿದ ಪೇಪರ್‌ನ ಪೆಟ್ಟು ಆ ದಿನಕ್ಕಲ್ಲ, ಅದು ಹೋಗಿ ಕೂತ ದಿನದ ಹಿಂದಿನ ಸಂಜೆಗೆ ಬೀಳುತ್ತದೆ. ಇಲ್ಲಿ ಅದು ಭಾನುವಾರ, ಬೇಕರಿಗೆ ವಾರದಲ್ಲೇ ಹೆಚ್ಚು ಜನ ಬರುವ ಸಂಜೆ.

ಮಾಲೀಕರು ಬುಧವಾರವೇ ಅದನ್ನು ಕಂಡುಕೊಂಡರು. ಇಡೀ ಪಟ್ಟಿ ಕಲಕಲಿಲ್ಲ, ಎರಡು ದಿನ ಅದಲುಬದಲು ಮಾಡಿದರು ಅಷ್ಟೆ. ಸೋಮವಾರ ಪೇಪರ್ ಇರುವುದರಿಂದ ಬಿ.ಕಾಂ.ನವರು ಊರಿಗೆ ಹೋಗುವಂತಿರಲಿಲ್ಲ, ಶನಿವಾರ ಅವರಲ್ಲಿಬ್ಬರು ನಿಂತರು. ಎಂಜಿನಿಯರಿಂಗ್‌ನವರು ಶನಿವಾರ ರಜೆ ಪಡೆದು ಭಾನುವಾರ ಬಂದರು. ಯಾರಿಗೂ ಒಂದು ಪಾಳಿ ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ.

ತಲೆ ಎಣಿಸಿದರೆ ಸಾಲದು ಎಂಬುದನ್ನೂ ಅವರಿಂದಲೇ ಕಲಿತೆ. ಕೇಕ್ ಕತ್ತರಿಸಿ ಕಟ್ಟಲು ಬರುವವನೊಬ್ಬ, ತಕ್ಕಡಿ ಮತ್ತು ಬಿಲ್ ನೋಡಿಕೊಳ್ಳುವವನೊಬ್ಬ ಎಂದು ಜೋಡಿ ಮಾಡುತ್ತಾರೆ. ಇಬ್ಬರೂ ಹೊಸಬರಾದ ಸಂಜೆ ಕಾಯಂ ಕೆಲಸಗಾರರಿಗೆ ಟೀ ಕುಡಿಯಲೂ ಬಿಡುವಾಗುವುದಿಲ್ಲ. ಜೋಡಿ ತಪ್ಪಿದೆ ಎನ್ನಲು ಅದೇ ಗುರುತು.

ಬ್ಯಾಕ್ ಪೇಪರ್ ಇನ್ನೊಂದು ತೊಡಕು. ಹಳೆಯ ಸೆಮಿಸ್ಟರ್‌ನ ವಿಷಯ ಉಳಿಸಿಕೊಂಡವನ ಪರೀಕ್ಷೆ ಗೆಳೆಯರದ್ದಕ್ಕಿಂತ ಬೇರೆ ದಿನ ಬೀಳುತ್ತದೆ, ನಾಚಿಕೆಯಿಂದ ಅವನು ಬಾಯಿ ಬಿಡುವುದಿಲ್ಲ.

‘ಯಾವ ಸಬ್ಜೆಕ್ಟು ಅಂತ ನಾನು ಕೇಳಲ್ಲ ಸಾರ್. ಹಾಲ್ ಟಿಕೆಟ್ ನೋಡ್ಕೊಂಡು ತಾರೀಖು ಮಾತ್ರ ಬರೆದುಕೊಡಪ್ಪ ಅಂತೀನಿ’ ಎಂದರು ಅವರು. ಪರೀಕ್ಷೆಗೆ ರಜೆ ಕೇಳಿದರೆ ಮುಖ ಸಿಂಡರಿಸುವ ಅಂಗಡಿಯಲ್ಲಿ ಹುಡುಗರು ಕೊನೆ ಗಳಿಗೆಯಲ್ಲಿ ಜ್ವರ ಅನ್ನುತ್ತಾರೆ. ಆಗ ಯಾವ ಪಟ್ಟಿಯೂ ನಿಲ್ಲುವುದಿಲ್ಲ.

ಎರಡೂ ಕಡೆಯ ಪರೀಕ್ಷೆ ಒಟ್ಟಿಗೆ ಬೀಳುವ ದಿನಗಳೂ ಉಂಟು, ಅಂಥ ಸಂಜೆಗೆ ಒಬ್ಬನೇ ಸಿಗುತ್ತಾನೆ. ಆಗ ಅವರು ಕೌಂಟರ್‌ನ ಕೆಲಸವನ್ನೇ ಇಳಿಸುತ್ತಾರೆ. ಖಾರ, ಮಿಕ್ಸ್‌ಚರ್, ಬಿಸ್ಕತ್ತುಗಳನ್ನು ಮಧ್ಯಾಹ್ನವೇ ಕಾಲು ಕೆಜಿ, ಅರ್ಧ ಕೆಜಿ ಪೊಟ್ಟಣ ಕಟ್ಟಿಡುತ್ತಾರೆ. ಹೆಸರು ಬರೆಸುವ ಕೇಕ್‌ಗೆ ಹಿಂದಿನ ದಿನವೇ ಹೇಳಬೇಕು ಎಂದು ಬೋರ್ಡ್ ಹಾಕುತ್ತಾರೆ. ತೂಗುವ ಕೆಲಸ ಇಲ್ಲದಿದ್ದರೆ ಮೂವರು ಹೇಗೋ ಸಂಭಾಳಿಸಬಹುದು, ಇಬ್ಬರಿಂದ ಆಗದು.

ವಿದ್ಯಾರ್ಥಿಗಳನ್ನು ಕೆಲಸಕ್ಕಿಟ್ಟುಕೊಂಡ ಅಂಗಡಿಯವರಲ್ಲಿ ನನ್ನದೊಂದೇ ಕೇಳಿಕೆ: ಸೇರಿಸಿಕೊಳ್ಳುವ ದಿನವೇ ಯಾವ ಕಾಲೇಜು, ಯಾವ ಕೋರ್ಸ್ ಎಂದು ಕೇಳಿ ಬರೆದಿಡಿ, ಪೇಪರ್‌ನ ಹಿಂದಿನ ಸಂಜೆಯನ್ನು ಅವರಿಗೇ ಬಿಟ್ಟುಕೊಡಿ.