ಟ್ರೂಲಿಯಲ್ಲಿ ಕಾಣೆಯಾದ ‘ಇ’

ಸೋಲೂರಿನ ಹೈಸ್ಕೂಲಾಗಲಿ, ಮಾಗಡಿಯ ಕಾಲೇಜಾಗಲಿ, ಇಂಗ್ಲಿಷ್ ಪತ್ರಲೇಖನ ಕಲಿತ ಮಕ್ಕಳಿಗೆ ಕೊನೆಯಲ್ಲಿ ಬರೆಯುವ ‘ಯುವರ್ಸ್ ಟ್ರೂಲಿ’, ‘ಯುವರ್ಸ್ ಸಿನ್ಸಿಯರ್ಲಿ’ ಎರಡೂ ಗೊತ್ತು. ತೊಡಕು ಅಲ್ಲೇ ಇದೆ. ಟ್ರೂ ಪದವೂ ಸಿನ್ಸಿಯರ್ ಪದವೂ ‘ಇ’ ಅಕ್ಷರದಿಂದಲೇ ಮುಗಿಯುತ್ತವೆ. ಆದರೆ ‘ಎಲ್-ವೈ’ ಸೇರಿದಾಗ ಟ್ರೂಲಿಯಲ್ಲಿ ‘ಇ’ ಬಿದ್ದುಹೋಗುತ್ತದೆ, ಸಿನ್ಸಿಯರ್ಲಿಯಲ್ಲಿ ಉಳಿಯುತ್ತದೆ. ಇದನ್ನು ಕಂಡವರು ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುತ್ತಾರೆ. ‘ಎಲ್-ವೈ’ ಬಂದರೆ ‘ಇ’ ತೆಗೆಯಬೇಕು ಎಂದುಕೊಂಡವರು ಸಿನ್ಸಿಯರ್ಲಿ, ಕಂಪ್ಲೀಟ್ಲಿ ಪದಗಳ ‘ಇ’ಯನ್ನೂ ಕಿತ್ತುಹಾಕುತ್ತಾರೆ. ಮಿಕ್ಕವರು ಇಂಗ್ಲಿಷ್ ಕಾಗುಣಿತಕ್ಕೆ ನಿಯಮವೇ ಇಲ್ಲ, ಉರು ಹೊಡೆಯುವುದೊಂದೇ ದಾರಿ ಎನ್ನುತ್ತಾರೆ. ಎರಡೂ ಸರಿಯಲ್ಲ.

ನಿಯಮ ಇದೆ, ಅದು ಕನ್ನಡದವರಿಗೆ ಹೊಸದೂ ಅಲ್ಲ. ‘ಊರು’ ಪದಕ್ಕೆ ‘ಅಲ್ಲಿ’ ಸೇರಿದರೆ ‘ಊರಲ್ಲಿ’. ಸ್ವರದ ಮುಂದೆ ಸ್ವರ ಬಂದು ಮೊದಲಿನದು ಲೋಪವಾಯಿತು. ಅದೇ ‘ಊರು’ ಪದಕ್ಕೆ ‘ಗಳು’ ಸೇರಿದರೆ ‘ಊರುಗಳು’. ಮುಂದಿರುವುದು ವ್ಯಂಜನ, ಆದ್ದರಿಂದ ಏನೂ ಬೀಳಲಿಲ್ಲ. ಪದದ ಕೊನೆಯ ಉಚ್ಚಾರವಿಲ್ಲದ ‘ಇ’ಯನ್ನು ಇಂಗ್ಲಿಷ್ ಬರವಣಿಗೆ ಹೆಚ್ಚುಕಡಿಮೆ ಹೀಗೆಯೇ ನಡೆಸಿಕೊಳ್ಳುತ್ತದೆ. ಹೋಪ್ ಪದ ಹೋಪಿಂಗ್ ಆಗುವಾಗ ‘ಇ’ ಹೋಗುತ್ತದೆ, ಹೋಪ್‌ಫುಲ್, ಹೋಪ್‌ಲೆಸ್ ಆಗುವಾಗ ಉಳಿಯುತ್ತದೆ. ‘ಎಲ್-ವೈ’ ಶುರುವಾಗುವುದು ವ್ಯಂಜನದಿಂದ. ಹಾಗಾಗಿ ಸಿನ್ಸಿಯರ್ಲಿ, ಕಂಪ್ಲೀಟ್ಲಿ ನಿಯಮದ ಮಕ್ಕಳು. ಮನೆ ಬಿಟ್ಟು ಹೋದವು ಟ್ರೂಲಿ, ಡ್ಯೂಲಿ, ಹೋಲ್ಲಿ. ನಮ್ಮಲ್ಲಿ ಲೋಪವಾಗುವುದು ಕಿವಿಗೆ ಕೇಳುವ ಸ್ವರ, ಅಲ್ಲಿ ಬೀಳುವುದು ಕಣ್ಣಿಗೆ ಮಾತ್ರ ಕಾಣುವ ಅಕ್ಷರ ಎಂಬ ವ್ಯತ್ಯಾಸವೇನೋ ಇದೆ.

ಹಾಗಿದ್ದರೆ ಟ್ರೂಲಿ, ಡ್ಯೂಲಿ ನಿಯಮ ಮೀರಿದ್ದೇಕೆ? ಆ ‘ಇ’ ಮಾಡುವ ಕೆಲಸ ಏನೆಂದು ನೋಡಬೇಕು. ಕಂಪ್ಲೀಟ್ ಪದದ ಕೊನೆಯ ‘ಇ’ ನಮ್ಮ ದೀರ್ಘದ ಗುರುತಿನ ಹಾಗೆ. ನಾವು ದೀರ್ಘವನ್ನು ಅಕ್ಷರಕ್ಕೇ ಅಂಟಿಸುತ್ತೇವೆ, ಇಂಗ್ಲಿಷ್ ಅದನ್ನು ‘ಟಿ’ ದಾಟಿಸಿ ಆಚೆ ಇಡುತ್ತದೆ. ತೆಗೆದರೆ ‘ಪ್ಲೀ’ ಎಂಬುದನ್ನು ‘ಪ್ಲೆ’ ಎಂದು ಓದುವ ಅಪಾಯವಿದೆ. ಸಿನ್ಸಿಯರ್ ಪದದ ‘ಇ’ಗೂ ಅಂಥದೇ ಕೆಲಸ. ಟ್ರೂ, ಡ್ಯೂ ಪದಗಳಲ್ಲಿ ‘ಇ’ಗಿಂತ ಮೊದಲು ಇರುವುದು ವ್ಯಂಜನವಲ್ಲ, ‘ಯು’. ಇಂಗ್ಲಿಷ್ ಪದಗಳು ‘ಯು’ ಅಕ್ಷರದಲ್ಲಿ ಮುಗಿಯುವುದು ಅಪರೂಪವಾದ್ದರಿಂದ ಅಲ್ಲಿನ ‘ಇ’ ಬರೀ ಬಾಗಿಲು ಮುಚ್ಚುವ ಅಗುಳಿ. ‘ಎಲ್-ವೈ’ ಬಂದು ನಿಂತ ಮೇಲೆ ‘ಯು’ ಕೊನೆಯ ಅಕ್ಷರವಲ್ಲ, ಅಗುಳಿ ಬೇಕಿಲ್ಲ. ಟ್ರೂತ್ ಪದದಲ್ಲೂ, ಆರ್ಗ್ಯೂ ಪದ ಆರ್ಗ್ಯುಮೆಂಟ್ ಆದಾಗಲೂ ‘ಇ’ ಇಲ್ಲದಿರುವುದು ಇದಕ್ಕೆ ಸಾಕ್ಷಿ.

ಆದರೆ ವೇಗ್, ಯುನೀಕ್ ಪದಗಳು ‘ಯು-ಇ’ಯಲ್ಲೇ ಮುಗಿದರೂ ವೇಗ್ಲಿ, ಯುನೀಕ್ಲಿ ‘ಇ’ ಬಿಟ್ಟುಕೊಡುವುದಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಅಲ್ಲಿ ‘ಯು’ ಸ್ವಂತ ದನಿಯ ಸ್ವರವಲ್ಲ, ‘ಜಿ’ಗೋ ‘ಕ್ಯೂ’ಗೋ ಜೋಡಿಯಾಗಿ ಕೂತ ಮೂಕ ಅಕ್ಷರ. ‘ಇ’ ತೆಗೆದರೆ ಅದಕ್ಕೆ ಬಾಯಿ ಬಂದು ‘ವೇಗ್ಯುಲಿ’ ಎಂದು ಓದಿಸಿಕೊಂಡೀತು. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ರೂ ಪದದಿಂದ ಬಂದ ರೂಫುಲ್ ‘ಇ’ ಉಳಿಸಿಕೊಂಡಿದೆ. ಅದನ್ನು ಒಪ್ಪಲೇಬೇಕು. ಈ ಕಾರಣ ‘ಇ’ ಬೀಳಲು ಅವಕಾಶ ಕೊಡುತ್ತದೆಯೇ ಹೊರತು ಬೀಳಲೇಬೇಕೆಂದು ಹಟ ಹಿಡಿಯುವುದಿಲ್ಲ. ಟ್ರೂಲಿ ಪದವನ್ನೇ ‘ಇ’ ಸೇರಿಸಿ ಬರೆದದ್ದು 17ನೇ ಶತಮಾನದ ಇಂಗ್ಲಿಷ್ ಮುದ್ರಣದಲ್ಲಿ ಸಿಗುತ್ತದೆ. ‘ಇ’ ಇಲ್ಲದ ರೂಪ ಆಮೇಲೆ ನೆಲೆಯಾಯಿತು.

ಹೋಲ್ಲಿಯ ಕತೆಯೇ ಬೇರೆ. ‘ಪೂರ್ಣ’ ಎಂಬ ಅರ್ಥದ ಹೋಲ್ ಪದದ ‘ಇ’ ಕೆಲಸಗಳ್ಳನಲ್ಲ. ‘ಒ’ ಸ್ವರವನ್ನು ದೀರ್ಘ ಮಾಡುವ ಹೊಣೆ ಅದರದ್ದೇ. ಅದೇ ಅಚ್ಚಿನ ಸೋಲ್ ಪದ ಸೋಲ್ಲಿ ಆದಾಗ ‘ಇ’ ಉಳಿದಿದೆ. ಇಲ್ಲಿ ದನಿಯ ತರ್ಕ ಸೋಲುತ್ತದೆ, ಚರಿತ್ರೆಯನ್ನು ಕೇಳಬೇಕು. ಹಳೆಯ ಇಂಗ್ಲಿಷಿನಲ್ಲಿ ಈ ಪದದ ಮೂಲ ‘ಹಾಲ್’. ಅದರಲ್ಲಿ ಕೊನೆಯ ‘ಇ’ಯೂ ಇರಲಿಲ್ಲ, ಮೊದಲಿನ ‘ಡಬ್ಲ್ಯು’ವೂ ಇರಲಿಲ್ಲ. ‘ಡಬ್ಲ್ಯು’ ಅಂಟಿಕೊಂಡದ್ದು 15-16ನೇ ಶತಮಾನದ ಹೊತ್ತಿಗೆ. ಅಷ್ಟರೊಳಗೆ ‘ಪೂರ್ತಿಯಾಗಿ’ ಎಂಬ ಅರ್ಥದ ರೂಪ ಎರಡು ‘ಎಲ್’ ಇಟ್ಟುಕೊಂಡು ಬೇರೆ ಪದವಾಗಿಯೇ ಬಳಕೆಯಲ್ಲಿತ್ತು. ಅಂದರೆ ಇಂದಿನ ಹೋಲ್ ಪದದಿಂದ ‘ಇ’ ಕಿತ್ತು ಹೋಲ್ಲಿ ಮಾಡಿದ್ದಲ್ಲ.

ಜೆಂಟ್ಲಿ, ಸಿಂಪ್ಲಿ ಪದಗಳನ್ನು ಇದೇ ಸಾಲಿಗೆ ತರುವವರಿದ್ದಾರೆ. ಅವುಗಳ ಮೂಲಪದ ವ್ಯಂಜನದ ಮೇಲೆ ‘ಎಲ್-ಇ’ಯಾಗಿ ಮುಗಿಯುವುದರಿಂದ ‘ಇ’ ಇದ್ದ ಜಾಗಕ್ಕೆ ‘ವೈ’ ಬಂದು ಕೂತಿದೆ ಅಷ್ಟೇ. ಇಂಥ ಪದಗಳನ್ನು ಬಿಟ್ಟರೆ, ‘ಎಲ್-ವೈ’ ಸೇರಿಸಿ ಬರೆಯುವಾಗ ‘ಇ’ಯ ಹಿಂದಿನ ಅಕ್ಷರ ನೋಡಿದರೆ ಸಾಕು: ದನಿಯುಳ್ಳ ‘ಯು’ ಇದ್ದರೆ ಅನುಮಾನಿಸಿ, ವ್ಯಂಜನವಿದ್ದರೆ ‘ಇ’ ಮುಟ್ಟಬೇಡಿ, ಹೋಲ್ಲಿ ಒಂದನ್ನು ಮಾತ್ರ ಉರು ಹೊಡೆಯಿರಿ. ಡ್ಯೂಲಿಯಲ್ಲಂತೂ ಇನ್ನೊಂದು ಗುಂಡಿ ಇದೆ. ‘ಇ’ ತೆಗೆದದ್ದಕ್ಕೆ ಪರಿಹಾರವೆಂಬಂತೆ ಇನ್ನೊಂದು ‘ಎಲ್’ ಸೇರಿಸಿದರೆ ಅದು ‘ಡಲ್ಲಿ’ ಆಗುತ್ತದೆ. ಕ್ರಮಬದ್ಧವಾಗಿ ಭರ್ತಿ ಮಾಡಿದ ಅರ್ಜಿ ಆಗ ಮಂಕಾಗಿ ಭರ್ತಿ ಮಾಡಿದ ಅರ್ಜಿಯಾಗಿ ಕಚೇರಿಯ ಮೇಜಿಗೆ ಹೋಗುತ್ತದೆ.