ಬಿಗ್ ಬೆನ್‌ಗೆ ವಾಲಲು ಕೊಟ್ಟ ಮಿಲಿಮೀಟರುಗಳು

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಮೆಟ್ರೊ ನಿಲ್ದಾಣದಲ್ಲಿ ಎಸ್ಕಲೇಟರ್ ಇಳಿಯುತ್ತಾ ಹೋದರೆ ಕಾಂಕ್ರೀಟಿನ ದೈತ್ಯ ತೊಲೆಗಳು ಗೋಡೆಯಿಂದ ಗೋಡೆಗೆ ಅಡ್ಡಲಾಗಿ ನಿಂತಿರುವುದು ಕಾಣುತ್ತದೆ. ಕಳೆದ ಬೇಸಿಗೆಯಲ್ಲಿ ಅದನ್ನು ನೋಡಿ ಮೇಲೆ ಬಂದಾಗ ರಸ್ತೆಯಾಚೆಗೇ ಬಿಗ್ ಬೆನ್ ಗೋಪುರವಿತ್ತು. ನಿಲ್ದಾಣದ ಗುಂಡಿಯ ಆಳ 39 ಮೀಟರ್. ಅಲ್ಲಿಂದ ಗೋಪುರಕ್ಕಿರುವ ದೂರ ಸುಮಾರು 34 ಮೀಟರ್. ಆಳಕ್ಕಿಂತ ದೂರವೇ ಕಡಿಮೆ! ಊರಿಗೆ ಮರಳಿದ ಮೇಲೂ ಈ ಲೆಕ್ಕ ನನ್ನನ್ನು ಬಿಟ್ಟಿಲ್ಲ.

1859ರಲ್ಲಿ ಗಡಿಯಾರ ಓಡತೊಡಗಿದ ಈ ಗೋಪುರ ಒಳಗೆ ಇಟ್ಟಿಗೆಯದು, ಹೊರಗೆ ಕಲ್ಲಿನ ಹೊದಿಕೆ. ಸುಮಾರು 3 ಮೀಟರ್ ದಪ್ಪದ ಕಾಂಕ್ರೀಟ್ ಹಾಸಿನ ಮೇಲೆ ನಿಂತಿದೆ. ಅದರ ಕೆಳಗೆ ಜಲ್ಲಿ, ಇನ್ನೂ ಕೆಳಗೆ ಲಂಡನ್ನಿನ ಜೇಡಿಮಣ್ಣು. ಪಕ್ಕದಲ್ಲಿ ಅಗೆದರೆ ಮಣ್ಣು ಗುಂಡಿಯ ಕಡೆ ಸರಿಯುತ್ತದೆ, ಗೋಪುರ ಆ ಕಡೆ ವಾಲುತ್ತದೆ. ಏನೂ ಮಾಡದಿದ್ದರೆ 55 ಮೀಟರ್ ಎತ್ತರದಲ್ಲಿ ವಾಲಿಕೆ ಸುಮಾರು 120 ಮಿಲಿಮೀಟರ್ ಹೆಚ್ಚುತ್ತಿತ್ತು ಎಂಬುದು ಆಮೇಲೆ ಹಾಕಿದ ಅಂದಾಜು.

ನಿಲ್ದಾಣ ಅಗೆಯುವಾಗ ಇಂಪೀರಿಯಲ್ ಕಾಲೇಜಿನ ಪ್ರಾಧ್ಯಾಪಕ ಜಾನ್ ಬರ್ಲ್ಯಾಂಡ್ ಮತ್ತು ಸಂಗಡಿಗರು ಪಾಲಿಸಿದ ನಿಯಮ ತೀರಾ ಸರಳ. ಗೋಪುರದೊಳಗೆ 55 ಮೀಟರ್ ಎತ್ತರದ ಗುರುತನ್ನು ಆಪ್ಟಿಕಲ್ ಪ್ಲಮ್‌ನಿಂದ ಅಳೆಯುವುದು. ಹೊಸ ವಾಲಿಕೆ 25 ಮಿ.ಮೀ. ಸಮೀಪಿಸಿದರೆ ಅಡಿಪಾಯದ ಕೆಳಗೆ ಮೊದಲೇ ಹೂತಿಟ್ಟ ಕೊಳವೆಗಳಿಂದ ಸಿಮೆಂಟ್ ಗ್ರೌಟ್ ಒತ್ತಿ, ಮತ್ತೆ 15ರ ಹತ್ತಿರಕ್ಕೆ ತರುವುದು. 1996, 1997ರಲ್ಲಿ ಹೀಗೆ ಇಪ್ಪತ್ತಕ್ಕೂ ಹೆಚ್ಚು ಬಾರಿ ಗ್ರೌಟ್ ಮಾಡಿದರು. 55 ಮೀಟರಿಗೆ 25 ಮಿ.ಮೀ. ಎಂದರೆ 2200ರಲ್ಲಿ ಒಂದು ಪಾಲು, ಬರಿಗಣ್ಣಿಗೆ ಕಾಣುವುದಿಲ್ಲ.

ಮೇಲ್ವಿಚಾರಣೆಯಲ್ಲಿ ಒಂದೇ ಮಿತಿ ಏಕೆ ಸಾಲದು ಎಂಬುದು ಇಲ್ಲಿ ಅರ್ಥವಾಗುತ್ತದೆ. ಜೇಡಿಮಣ್ಣು ತಡವಾಗಿ ಪ್ರತಿಕ್ರಿಯಿಸುತ್ತದೆ; ಇಂದು ಅಗೆತ ನಿಲ್ಲಿಸಿದರೂ ಕುಸಿತ ಇಂದೇ ನಿಲ್ಲುವುದಿಲ್ಲ. ಹಾಗಾಗಿ ಸಾಮಾನ್ಯವಾಗಿ ಮೇಲ್ವಿಚಾರಣೆಯ ಯೋಜನೆಗಳಲ್ಲಿ ಎರಡು ಮಟ್ಟಗಳಿರುತ್ತವೆ. ಕೆಳಗಿನದು ಎಚ್ಚರಿಕೆ ಮಟ್ಟ: ಅಳತೆಯನ್ನು ಮತ್ತೊಮ್ಮೆ ತೆಗೆಯಿರಿ, ವಾರಕ್ಕೊಮ್ಮೆ ನೋಡುವುದನ್ನು ದಿನಕ್ಕೊಮ್ಮೆ ನೋಡಿ, ಗ್ರೌಟ್ ತಂಡವನ್ನು ಸಿದ್ಧವಿಡಿ. ಮೇಲಿನದು ಕ್ರಮದ ಮಟ್ಟ: ಕೆಲಸ ನಿಲ್ಲಿಸಿ ಅಥವಾ ವಿಧಾನ ಬದಲಿಸಿ. ಕ್ರಮ ಕೈಗೊಂಡ ಮೇಲೂ ಕಟ್ಟಡ ಎಷ್ಟು ಜರುಗೀತು ಎಂದು ಲೆಕ್ಕ ಹಾಕಿ, ಹಾನಿಯ ಅಂಚಿನಿಂದ ಅಷ್ಟು ಹಿಂದೆಯೇ ಕ್ರಮದ ಮಟ್ಟವನ್ನು ಇಡಬೇಕು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಗೋಪುರದ ಉಸಿರಾಟ. ಬಿಸಿಲು ಬಿದ್ದ ಮೈ ಹಿಗ್ಗುತ್ತದೆ, ನೆರಳಿನ ಮೈ ಹಾಗೇ ಇರುತ್ತದೆ. ಅಗೆಯುವವರು ಯಾರೂ ಇಲ್ಲದಿದ್ದರೂ ಗೋಪುರ ದಿನಕ್ಕೊಮ್ಮೆ ಬಾಗಿ ಮರಳುತ್ತದೆ, ಋತುಗಳೊಂದಿಗೂ ಜರುಗುತ್ತದೆ. ಗೋಪುರವೂ ವೆಸ್ಟ್‌ಮಿನ್‌ಸ್ಟರ್ ಅರಮನೆಯೂ ಕೂಡುವಲ್ಲಿ ಹಳೆಯ ಬಿರುಕುಗಳಿದ್ದವು. ಅವು ಚಳಿಗಾಲ, ಬೇಸಿಗೆಗಳ ಜೊತೆ ತೆರೆದು ಮುಚ್ಚುತ್ತಿದ್ದವು. ಅಗೆತದಿಂದ ಬಂದ ಜರುಗಾಟವನ್ನೂ ಆ ಬಿರುಕುಗಳೇ ನುಂಗಿದ್ದರಿಂದ ಬೇರೆಡೆ ಗೋಡೆ ಸೀಳಲಿಲ್ಲ. ಬಿಸಿಲಿನ ಈ ಬಾಗಾಟ ಗೊತ್ತಿಲ್ಲದವರು ಮಧ್ಯಾಹ್ನದ ಅಳತೆ ನೋಡಿ ಗಾಬರಿಯಾಗುತ್ತಾರೆ. ಇಲ್ಲವೇ ನಿಜವಾದ ವಾಲಿಕೆಯನ್ನು ಬಿಸಿಲಿನ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಹಾಗಾಗಿ ಸಾಧ್ಯವಾದರೆ ಒಂದು ವರ್ಷದ, ಎಲ್ಲ ಋತುಗಳ ಅಳತೆ ಕೆಲಸಕ್ಕೆ ಮೊದಲೇ ಕೈಯಲ್ಲಿರಬೇಕು, ಉಷ್ಣಾಂಶದ ಸಮೇತ. ಹೋಲಿಸುವ ಮೂಲಗುರುತೂ ಗುಂಡಿಯ ಪ್ರಭಾವದಿಂದ ದೂರವಿರಬೇಕು. ಗುರುತೇ ಕುಸಿಯುತ್ತಿದ್ದರೆ ಕಟ್ಟಡ ಅಲುಗದಂತೆ ಕಾಣುತ್ತದೆ.

ಕಂಪನದ ಲೆಕ್ಕ ಬೇರೆ. ಕುಸಿತ ದಿನಗಟ್ಟಲೆ ಕೂಡುತ್ತದೆ, ಕಂಪನ ಕ್ಷಣದಲ್ಲಿ ಬಂದು ಹೋಗುತ್ತದೆ. ಅಲ್ಲಿ ಅಳೆಯುವುದು ನೆಲದ ಕಣ ಎಷ್ಟು ವೇಗದಲ್ಲಿ ಅಲುಗಿತು ಎಂಬುದನ್ನು. ಜರ್ಮನಿಯ ಡಿಐಎನ್ 4150 ಮಾನದಂಡ ಪಾರಂಪರಿಕ ಕಟ್ಟಡದ ಅಡಿಪಾಯದಲ್ಲಿ, 10 ಹರ್ಟ್ಸ್‌ಗಿಂತ ನಿಧಾನದ ಕಂಪನಕ್ಕೆ, ಸೆಕೆಂಡಿಗೆ 3 ಮಿ.ಮೀ. ಮಾರ್ಗಸೂಚಿ ಕೊಡುತ್ತದೆ. ನಮ್ಮ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆ ಸ್ಫೋಟಗಳ ವಿಷಯದಲ್ಲಿ ಇನ್ನೂ ಬಿಗಿ: 8 ಹರ್ಟ್ಸ್‌ಗಿಂತ ಕಡಿಮೆಯಿದ್ದರೆ ಐತಿಹಾಸಿಕ ರಚನೆಗೆ 2 ಮಿ.ಮೀ. ಮಾತ್ರ. ನಿಧಾನದ ಕಂಪನಕ್ಕೇ ಬಿಗಿ ಮಿತಿ ಏಕೆಂದರೆ ಅದು ಕಟ್ಟಡದ ಸಹಜ ತೂಗಾಟಕ್ಕೆ ಹತ್ತಿರವಾಗಿ ಅದನ್ನು ಹಿಗ್ಗಿಸಬಲ್ಲದು. ಮಿತಿ 3 ಆದರೆ ಎಚ್ಚರಿಕೆಯನ್ನು 2ಕ್ಕೆ ಇಡುವುದು ವಿವೇಕ. ಒಂದೇ ಮಾಪಕ ಕಿರುಚಿ ಪಕ್ಕದ್ದು ಸುಮ್ಮನಿದ್ದರೆ ಯಾರೋ ಅದಕ್ಕೆ ಕಾಲು ತಾಗಿಸಿರಬಹುದು. ಎರಡೂ ಒಟ್ಟಿಗೆ ಏರಿದರೆ ಬಹುಶಃ ಯಂತ್ರವೇ ಕಾರಣ.

ನಮ್ಮಲ್ಲೂ ಹಳೆಯ ಗುಡಿ, ಕೋಟೆ, ಗಾರೆ ಕಟ್ಟಡಗಳ ಪಕ್ಕದಲ್ಲಿ ಸುರಂಗ, ಸೇತುವೆ, ನೆಲಮಾಳಿಗೆಗಳು ಬರುತ್ತಿವೆ. ಬಣ್ಣಬಣ್ಣದ ಗ್ರಾಫ್‌ಗಳಿರುವ ವರದಿಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಯೋಜನೆಯಲ್ಲಿ ನಾನು ಮೊದಲು ಹುಡುಕುವುದು ಒಂದು ಸಾಲನ್ನು: ರಾತ್ರಿ ಎರಡು ಗಂಟೆಗೆ ಕ್ರಮದ ಮಟ್ಟ ದಾಟಿದರೆ ಯಂತ್ರ ನಿಲ್ಲಿಸುವ ಅಧಿಕಾರ ಯಾರದು? ಆ ಅಧಿಕಾರ ಸ್ಥಳದಲ್ಲಿರುವ ಎಂಜಿನಿಯರ್‌ಗೇ ಇರಬೇಕು, ಬೆಳಗಿನ ಸಭೆಗಲ್ಲ. ಆ ಸಾಲು ಇಲ್ಲದ ಯೋಜನೆಗೆ ಒಪ್ಪಿಗೆ ಕೊಡಬಾರದು.